ಕ್ಷೇತ್ರ ಅಧಿಕಾರಿ ಹುದ್ದೆಗೆ ಎರಡನೇ ಸಲ ಅರ್ಜಿ

ಹಿರಿಯೂರು
ದಿನಾಂಕ: 9 ಜೂನ್ 2025

ಇವರಿಗೆ,
ವ್ಯವಸ್ಥಾಪಕರು, ನೇಮಕಾತಿ ವಿಭಾಗ

ವಿಷಯ: ಚಿತ್ರದುರ್ಗ ಜಿಲ್ಲೆಯ ಹನಿ ನೀರಾವರಿ ಕ್ಷೇತ್ರ ಅಧಿಕಾರಿ ಹುದ್ದೆಗೆ ಅರ್ಜಿ

ಮಾನ್ಯರೇ,

2023ರ ಮೇ ತಿಂಗಳಲ್ಲಿ ಇದೇ ಹುದ್ದೆಯ ಸಂದರ್ಶನಕ್ಕೆ ಬಂದಿದ್ದೆ, ಆಯ್ಕೆಯಾಗಲಿಲ್ಲ. ಕಾರಣವನ್ನು ನಿಮ್ಮ ಹಿರಿಯ ಎಂಜಿನಿಯರ್ ಅವರೇ ಫೋನಿನಲ್ಲಿ ತಿಳಿಸಿದರು: "ಪೈಪಿನ ಅಳತೆಯೆಲ್ಲ ಬಾಯಿಪಾಠ ಇದೆ. ಆದರೆ ಒಂದು ತೋಟಕ್ಕೂ ನೀವೇ ನಿಂತು ನೀರು ಹಾಯಿಸಿಲ್ಲ." ಅವರು ಹೇಳಿದ್ದು ಸರಿಯಾಗಿತ್ತು. ಹಾಗೆ ಕಾರಣ ಹೇಳಿದ್ದಕ್ಕೆ ಅವರಿಗೆ ನಾನು ಋಣಿ.

ಅಂದು ಕೇಳಿದ ಪ್ರಶ್ನೆ ನೆನಪಿದೆ. ಒಂದು ಎಕರೆ ದಾಳಿಂಬೆ, 12×10 ಅಡಿ ಅಂತರ, ಗಿಡಕ್ಕೆ ಗಂಟೆಗೆ 4 ಲೀಟರಿನ ನಾಲ್ಕು ಡ್ರಿಪ್ಪರ್. ಬೋರ್‌ವೆಲ್‌ನಲ್ಲಿ ಗಂಟೆಗೆ 4,000 ಲೀಟರ್ ನೀರು. ಹೇಗೆ ಕೊಡುತ್ತೀರಿ? ನಾನು 16 ಎಂಎಂ ಪೈಪು, ಫಿಲ್ಟರ್ ಎಂದೆಲ್ಲ ಹೇಳಿದೆನೇ ಹೊರತು ನೀರಿನ ಲೆಕ್ಕಕ್ಕೇ ಹೋಗಲಿಲ್ಲ.

ಆ ಉತ್ತರವನ್ನು ಈಗ ಕೊಡುತ್ತೇನೆ. ಎಕರೆಗೆ 363 ಗಿಡ, ಒಟ್ಟಿಗೆ ಬಿಟ್ಟರೆ ಗಂಟೆಗೆ 5,808 ಲೀಟರ್ ಬೇಕು. ಬೋರ್ ಅಷ್ಟು ಕೊಡುವುದಿಲ್ಲ. ಕೊನೆಯ ಸಾಲುಗಳು ಒಣಗುತ್ತವೆ. ಆದ್ದರಿಂದ ತೋಟವನ್ನು ಎರಡು ಭಾಗ ಮಾಡಿ ಸಬ್‌ಮೇನಿಗೆ ಎರಡು ವಾಲ್ವ್ ಇಡಬೇಕು. ಒಂದು ಭಾಗಕ್ಕೆ ಸುಮಾರು 2,900 ಲೀಟರ್ ಸಾಕು. ಮಿಕ್ಕ ಸಾವಿರದಷ್ಟು ಲೀಟರನ್ನು ಬೈಪಾಸ್‌ನಲ್ಲಿ ತೊಟ್ಟಿಗೆ ಬಿಡದಿದ್ದರೆ ಒತ್ತಡ ಏರಿ ಪೈಪಿನ ಜೋಡಣೆಗಳು ಕಿತ್ತು ಬರುತ್ತವೆ. ಭಾಗಕ್ಕೆ ಎರಡು ಗಂಟೆಯಂತೆ ಬಿಟ್ಟರೆ ಗಿಡಕ್ಕೆ 32 ಲೀಟರ್ ಸಿಗುತ್ತದೆ, ಮೂರು ಫೇಸ್ ಕರೆಂಟ್ ಹೋಗುವುದರೊಳಗೆ ಎರಡೂ ಭಾಗ ಮುಗಿಯುತ್ತದೆ. ಇಷ್ಟಕ್ಕೂ ಮೊದಲು, ಬೋರ್ ನಿಜಕ್ಕೂ 4,000 ಲೀಟರ್ ಕೊಡುತ್ತದೆಯೇ ಎಂದು ನಾನೇ ನೋಡುತ್ತೇನೆ. 200 ಲೀಟರಿನ ಡ್ರಮ್ ಮೂರು ನಿಮಿಷಕ್ಕೆ ತುಂಬಬೇಕು. "ಎರಡು ಇಂಚು ನೀರೈತೆ" ಎಂಬ ಮಾತನ್ನು ನಂಬಿ ನಕ್ಷೆ ಬರೆಯುವುದಿಲ್ಲ. ಬೋರ್ ತೆಗೆದ ದಿನ ಇದ್ದ ನೀರು ಏಪ್ರಿಲ್‌ನಲ್ಲಿ ಇರುವುದಿಲ್ಲ.

ಇದನ್ನೆಲ್ಲ ಕಲಿತದ್ದು ಇಲ್ಲಿನ ಒಬ್ಬ ಹನಿ ನೀರಾವರಿ ಡೀಲರ್ ಹತ್ತಿರ. 2023ರ ಆಗಸ್ಟ್‌ನಿಂದ ಅವರಲ್ಲೇ ಇದ್ದೇನೆ. ಮೊದಲ ಆರು ತಿಂಗಳು ಫಿಟ್ಟರ್‌ಗಳ ಜೊತೆ ಕಾಲುವೆ ತೋಡಿ ಪೈಪು ಎಳೆದೆ. ಆಮೇಲೆ ಧರ್ಮಪುರ, ಐಮಂಗಲ, ಜವಗೊಂಡನಹಳ್ಳಿ ಹೋಬಳಿಗಳಲ್ಲಿ 41 ತೋಟಗಳ ಅಳತೆ, ನಕ್ಷೆ, ಜೋಡಣೆ ನನ್ನ ಹೊಣೆಯಲ್ಲಿ ಆಗಿವೆ. ಸಹಾಯಧನದ ಕಡತಕ್ಕೆ ಬೇಕಾದ ಪಹಣಿ, ಎಫ್‌ಐಡಿ, ನೀರಿನ ದೃಢೀಕರಣದ ಕೆಲಸವೂ ಗೊತ್ತಾಗಿದೆ.

ಒಂದು ತೋಟದ ವಿಷಯ ಹೇಳಲೇಬೇಕು. ಕಳೆದ ಮಾರ್ಚ್‌ನಲ್ಲಿ ಐಮಂಗಲದ ಕಡೆಯ ರೈತರೊಬ್ಬರು, ಎರಡು ವರ್ಷದ ಪೈಪನ್ನೇ ಬದಲಾಯಿಸಿಕೊಡಿ ಎಂದು ಬಂದರು. ಹೋಗಿ ಡ್ರಿಪ್ಪರ್ ಕೆಳಗೆ ಲೋಟ ಇಟ್ಟೆ. ಮೂರು ನಿಮಿಷಕ್ಕೆ 200 ಮಿ.ಲೀ. ಬೀಳಬೇಕಾದಲ್ಲಿ ಕೊನೆಯ ಸಾಲಿನಲ್ಲಿ 90 ಬಿತ್ತು. ಒಂದು ಡ್ರಿಪ್ಪರನ್ನು ಬ್ಲೇಡಿನಿಂದ ಸೀಳಿದರೆ ಒಳಗೆ ಹಂಡೆಯ ತಳದಲ್ಲಿ ಕಟ್ಟುವಂಥದೇ ಬಿಳಿ ಉಪ್ಪು. ಪೈಪಿನಲ್ಲಿ ದೋಷವಿರಲಿಲ್ಲ, ನೀರು ಗಡಸು. ಆಸಿಡ್ ಬಿಟ್ಟು ಪಿಎಚ್ 4ಕ್ಕೆ ಇಳಿಸಿದ ನೀರನ್ನು ರಾತ್ರಿಯೆಲ್ಲ ಪೈಪಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಎಂಡ್ ಕ್ಯಾಪ್ ಬಿಚ್ಚಿ ತೊಳೆದೆವು. ಎರಡು ಸಲ ಹೀಗೆ ಮಾಡಿದ ಮೇಲೆ 185 ಮಿ.ಲೀ. ಬಂತು. ಆ ದಿನ ಡೀಲರ್‌ಗೆ ಹೊಸ ಪೈಪಿನ ವ್ಯಾಪಾರ ತಪ್ಪಿತು, ಆದರೆ ಅದೇ ರೈತರು ತಮ್ಮ ತಮ್ಮನ ಮೂರು ಎಕರೆ ಕೆಲಸವನ್ನು ನಮಗೇ ಕೊಟ್ಟರು. ಆಸಿಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡಿಗೆ ಹಾಕಬಾರದು ಎಂಬುದನ್ನು ಅವರ ಮನೆಯ ಮಕ್ಕಳಿಗೂ ಹೇಳಿಕೊಟ್ಟು ಬಂದೆ.

ಇನ್ನೂ ಆಗದಿರುವುದೂ ಇದೆ. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದರಲ್ಲಿ ನನ್ನ ಕೈ ನಿಧಾನ. ಐದು ಎಕರೆಯ ತೋಟಕ್ಕೆ ಈಗಲೂ ಒಂದು ದಿನ ಬೇಕು. ಇಳಿಜಾರು ಹೆಚ್ಚಿರುವ ಜಮೀನಿನ ಕೆಲಸವನ್ನು ಎರಡೇ ಕಡೆ ಮಾಡಿದ್ದೇನೆ. ಇವೆರಡನ್ನೂ ನಿಮ್ಮ ಎಂಜಿನಿಯರ್‌ಗಳ ಕೈಕೆಳಗೆ ಕಲಿಯಬೇಕೆಂಬುದು, ಬೇರೆ ಕಂಪನಿಗೆ ಹೋಗದೆ ನಿಮಗೇ ಮತ್ತೆ ಬರೆಯಲು ಒಂದು ಕಾರಣ.

ನಾನೇ ಬರೆದ ಮೂರು ತೋಟಗಳ ನಕ್ಷೆ, ಐಮಂಗಲದ ತೋಟದ ಅಳತೆಯ ಪಟ್ಟಿ, ಡೀಲರ್ ಅವರ ಪತ್ರವನ್ನು ಲಗತ್ತಿಸಿದ್ದೇನೆ. ನಾನು ಇಲ್ಲಿ ಅರ್ಜಿ ಹಾಕುತ್ತಿರುವುದು ಅವರಿಗೆ ಗೊತ್ತಿದೆ. ಸಂದರ್ಶನವನ್ನು ತೋಟದಲ್ಲೇ ಮಾಡುವುದಾದರೆ ಇಬ್ಬರು ರೈತರು ಒಪ್ಪಿದ್ದಾರೆ. ಬೆಳಿಗ್ಗೆ ಕರೆಂಟ್ ಇರುವ ಹೊತ್ತಿಗೆ ಬಂದರೆ ನೀರು ಹಾಯುವುದನ್ನೂ ನೋಡಬಹುದು. ಆಯ್ಕೆಯಾದರೆ ಒಂದು ತಿಂಗಳ ಮುಂಚಿತ ಸೂಚನೆ ಕೊಟ್ಟು ಕೆಲಸಕ್ಕೆ ಸೇರುತ್ತೇನೆ.

ತಮ್ಮ ವಿಶ್ವಾಸಿ,
ಮಂಜುನಾಥ ಟಿ.