ವಿಷಯ: ಸ್ವಾಗತ ರುದ್ರೇಶ್ ಅವರೇ – ದೀಪಾವಳಿಯೊಳಗೆ ನಿಮ್ಮಿಂದ ಬೇಕಾದ್ದು ಮೂರೇ ಮೂರು

ದಾವಣಗೆರೆ
ಸೋಮವಾರ, 6 ಅಕ್ಟೋಬರ್ 2025

ಆತ್ಮೀಯ ರುದ್ರೇಶ್ ಅವರಿಗೆ ನಮಸ್ಕಾರ,

ಶನಿವಾರ ಅಂಗಡಿಯಲ್ಲಿ ಕೂತು ಮಾತಾಡಿದ್ದು, ನಡುವೆ ನಾಲ್ಕು ಸಲ ನೀವು ಸಿಮೆಂಟ್ ಲೋಡಿಗೆ ಎದ್ದು ಹೋಗಿದ್ದು, ಕೊನೆಗೆ ಗಿರಿಜಮ್ಮನವರು ಕೊಟ್ಟ ಮಂಡಕ್ಕಿ ಮಿರ್ಚಿ, ಎಲ್ಲವೂ ನೆನಪಿದೆ. ನಿಮ್ಮ ಅಂಗಡಿಯ ಜಿಎಸ್‌ಟಿ ಮತ್ತು ಲೆಕ್ಕಪತ್ರದ ಕೆಲಸವನ್ನು ನಮಗೆ ಒಪ್ಪಿಸಿದ್ದಕ್ಕೆ ಧನ್ಯವಾದ. ಇವತ್ತಿನಿಂದ ನೀವು ನಮ್ಮ ಆಫೀಸಿನವರು.

ಹೊಸಬರು ಬಂದಾಗ ನಾನು ಹಿಂದೆಲ್ಲ ಮೂವತ್ತನಾಲ್ಕು ದಾಖಲೆಗಳ ಪಟ್ಟಿಯೊಂದನ್ನು ಕಳಿಸುತ್ತಿದ್ದೆ. ಒಬ್ಬ ದಿನಸಿ ವ್ಯಾಪಾರಿ ಅದನ್ನು ನೋಡಿ ಗಾಬರಿಯಾಗಿ ಮೂರು ವಾರ ನನ್ನ ಫೋನನ್ನೇ ಎತ್ತಲಿಲ್ಲ. ಅಷ್ಟರಲ್ಲಿ ರಿಟರ್ನ್ ದಿನಾಂಕ ದಾಟಿ ಹೋಗಿತ್ತು. ತಪ್ಪು ಅವರದ್ದಲ್ಲ, ಪಟ್ಟಿಯದ್ದು. ಆಮೇಲೆ ಆ ಪಟ್ಟಿಯನ್ನೇ ಬಿಟ್ಟುಬಿಟ್ಟೆ. ಪ್ಯಾನ್, ಬಾಡಿಗೆ ಕರಾರು, ಬ್ಯಾಂಕ್ ಸ್ಟೇಟ್‌ಮೆಂಟು, ಹಳೆಯ ಬ್ಯಾಲೆನ್ಸ್ ಶೀಟು ಇವೆಲ್ಲ ಬೇಕಾಗುತ್ತವೆ, ಆದರೆ ಈಗಲ್ಲ. ಹಬ್ಬ ಮುಗಿದ ಮೇಲೆ ಒಂದೊಂದಾಗಿ ನಾವೇ ಕೇಳುತ್ತೇವೆ.

ಸದ್ಯ ಬೇಕಾದ್ದು ಇಷ್ಟು.

ಮೊದಲನೆಯದು, ಜಿಎಸ್‌ಟಿ ಪೋರ್ಟಲ್ಲಿನ ಲಾಗಿನ್. ಯೂಸರ್‌ನೇಮ್ ಮತ್ತು ಪಾಸ್‌ವರ್ಡನ್ನು ದಯವಿಟ್ಟು ಮೇಲ್‌ನಲ್ಲಾಗಲಿ ವಾಟ್ಸಾಪ್‌ನಲ್ಲಾಗಲಿ ಕಳಿಸಬೇಡಿ. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಸವಿತಾ ಫೋನ್ ಮಾಡುತ್ತಾರೆ (ನಾಳೆ ವಾಲ್ಮೀಕಿ ಜಯಂತಿ, ಆಫೀಸಿಗೆ ರಜೆ). ಅವರಿಗೆ ಬಾಯಲ್ಲಿ ಹೇಳಿದರೆ ಸಾಕು. ಪೋರ್ಟಲ್ಲಿನಲ್ಲಿ ನಿಮ್ಮ ಹಳೆಯ ಅಕೌಂಟೆಂಟರ ಮೊಬೈಲ್ ನಂಬರೇ ಇರಬಹುದು ಎಂದು ನೀವು ಹೇಳಿದಿರಿ. ಹಾಗಿದ್ದರೆ ಪ್ರತಿ ಒಟಿಪಿಯೂ ಅವರಿಗೇ ಹೋಗುತ್ತದೆ. ಅದನ್ನು ನಿಮ್ಮ ನಂಬರಿಗೆ ಬದಲಿಸುವುದೇ ನಾವು ಮಾಡುವ ಮೊದಲ ಕೆಲಸ. ಅದಕ್ಕಾಗಿ ಅವರಿಗೆ ನೀವೊಂದು ಮಾತು ತಿಳಿಸಿಬಿಡಿ, ಮುಂದಿನದನ್ನು ನಾನು ಮಾತಾಡುತ್ತೇನೆ. ಇಷ್ಟು ವರ್ಷ ನೋಡಿಕೊಂಡವರು, ಮುಖ ಕೆಡಿಸಿಕೊಳ್ಳುವ ಅಗತ್ಯ ಯಾರಿಗೂ ಇಲ್ಲ.

ಎರಡನೆಯದು, ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರು ತಿಂಗಳ ಮಾರಾಟದ ಲೆಕ್ಕ. ಇದು ಚೈತ್ರಾ ಕೈಯಲ್ಲಿ ಐದು ನಿಮಿಷದ ಕೆಲಸ. ಟ್ಯಾಲಿಯ ಬ್ಯಾಕಪ್ ತೆಗೆದು ಪೆನ್‌ಡ್ರೈವಿಗೆ ಹಾಕಿಡಲಿ. ಗುರುವಾರ ಮಧ್ಯಾಹ್ನ ಅಂಗಡಿ ಸ್ವಲ್ಪ ಖಾಲಿ ಇರುವ ಹೊತ್ತಿಗೆ ನಮ್ಮ ಬಸವರಾಜ್ ಬಂದು ಒಯ್ಯುತ್ತಾನೆ.

ಚೈತ್ರಾಗೆ ಒಂದು ಸಣ್ಣ ಕೆಲಸವಿದೆ. ಸಿಮೆಂಟಿನ ತೆರಿಗೆ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿಯಿತಲ್ಲ, ಆ ದಿನ ಮತ್ತು ಮರುದಿನದ ಬಿಲ್ಲುಗಳನ್ನು ಒಮ್ಮೆ ಕಣ್ಣಾಡಿಸಲಿ. ಟ್ಯಾಲಿಯಲ್ಲಿ ದರ ಬದಲಿಸಲು ಮರೆತು ಎಷ್ಟೋ ಅಂಗಡಿಗಳಲ್ಲಿ ಒಂದೆರಡು ದಿನ ಹಳೆಯ ದರವೇ ಬಿದ್ದಿದೆ. ನಿಮ್ಮಲ್ಲೂ ಆಗಿದ್ದರೆ ಸಂಕೋಚ ಬೇಡ, ಬಿಲ್ ನಂಬರ್ ಗುರುತು ಹಾಕಿ ಕೊಡಲಿ. ರಿಟರ್ನ್ ಹೋಗುವ ಮೊದಲು ಗೊತ್ತಾದರೆ ಸರಿಪಡಿಸುವುದು ಸುಲಭ.

ಮೂರನೆಯದು ಖರೀದಿ ಬಿಲ್ಲುಗಳು. ಆತುರ ಇರುವುದು ಇದೊಂದಕ್ಕೇ, ಹಾಗಾಗಿ ಕಾರಣವನ್ನೂ ಬರೆಯುತ್ತೇನೆ.

ನೀವು ಪೇಂಟು, ಪೈಪು, ಸಿಮೆಂಟು ತರುವಾಗ ಸಪ್ಲೈಯರ್‌ಗೆ ಕಟ್ಟಿದ ತೆರಿಗೆಯನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಅದು ನಿಮಗೆ ಗೊತ್ತೇ ಇದೆ. ಕಳೆದ ಆರ್ಥಿಕ ವರ್ಷದಲ್ಲಿ, ಅಂದರೆ ಏಪ್ರಿಲ್ 2024ರಿಂದ ಮಾರ್ಚ್ 2025ರವರೆಗೆ, ಹಾಗೆ ಕಳೆದುಕೊಳ್ಳದೆ ಬಿಟ್ಟುಹೋದ ಬಿಲ್ಲುಗಳಿದ್ದರೆ ಅವಕ್ಕೆ ಕಾನೂನಿನ ಗಡುವು ಈ ನವೆಂಬರ್ 30. ಅಲ್ಲಿಯವರೆಗೆ ಸಮಯವಿದೆ ಅನ್ನಿಸಬಹುದು. ಆದರೆ ನೀವು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು. ಈ ತಿಂಗಳದ್ದು ಬಿಟ್ಟರೆ ಮುಂದಿನದು ಬರುವುದು ಜನವರಿಯಲ್ಲಿ. ಹಾಗಾಗಿ ನಿಮ್ಮ ಪಾಲಿಗೆ ಈ ಅಕ್ಟೋಬರಿನ GSTR-3B ರಿಟರ್ನೇ ಕೊನೆಯ ಬಾಗಿಲು. ಇದರಲ್ಲಿ ಸೇರದ ಹಳೆಯ ಬಿಲ್ಲಿನ ತೆರಿಗೆ ಕೈಬಿಟ್ಟಂತೆಯೇ.

ಅದಕ್ಕೇ ಈ ಮೂರು ತಿಂಗಳ ಬಿಲ್ಲುಗಳ ಜೊತೆಗೆ, ಗಲ್ಲಾದ ಕೆಳಗಿನ ಆ ಟೈಲ್ಸ್ ಡಬ್ಬದಲ್ಲಿ ತುಂಬಿಟ್ಟ ಹಳೆಯ ಬಿಲ್ಲುಗಳೂ ಬೇಕು. ಜೋಡಿಸುವುದು ಬೇಡ, ತಾರೀಖಿನ ಪ್ರಕಾರ ಇಡುವುದೂ ಬೇಡ. ಡಬ್ಬವನ್ನು ಹಾಗೇ ಕೊಟ್ಟುಬಿಡಿ. ಶನಿವಾರ, 11ರಂದು ಬಸವರಾಜ್ ಎರಡನೇ ಸಲ ಬಂದಾಗ ಒಯ್ಯುತ್ತಾನೆ. ಎಣಿಸಿ ಚೀಟಿ ಬರೆದುಕೊಡುತ್ತಾನೆ, ಹಬ್ಬದೊಳಗೆ ಡಬ್ಬ ವಾಪಸ್ ಬರುತ್ತದೆ.

ಆಮೇಲಿನದು ನಮ್ಮ ಕೆಲಸ. ಮಾರಾಟದ ವಿವರದ GSTR-1ಕ್ಕೆ 13ನೇ ತಾರೀಖು ಕೊನೆ. ನಾವು 11ರ ಸಂಜೆಯೇ ಹಾಕುತ್ತೇವೆ. 14ರಂದು ಪೋರ್ಟಲ್ಲಿನಲ್ಲಿ GSTR-2B ಬರುತ್ತದೆ. ನಿಮಗೆ ಮಾಲು ಕೊಟ್ಟವರು ಸರ್ಕಾರಕ್ಕೆ ಏನೇನು ತೋರಿಸಿದ್ದಾರೆ ಅನ್ನುವ ಪಟ್ಟಿ ಅದು. ಡಬ್ಬದ ಬಿಲ್ಲನ್ನೂ ಆ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತೇವೆ. ಶನಿವಾರ ನಿಮ್ಮ ಮೇಜಿನ ಮೇಲಿದ್ದ ಒಂದು ಪೈಪಿನ ಬಿಲ್ಲನ್ನು ಸುಮ್ಮನೆ ಎತ್ತಿ ನೋಡಿದೆ. ನಿಮ್ಮ ಜಿಎಸ್‌ಟಿ ನಂಬರಿನಲ್ಲಿ ಹದಿನೈದು ಅಕ್ಷರ ಇರಬೇಕಾದ ಕಡೆ ಹದಿನಾಲ್ಕೇ ಇದ್ದವು! ಅಂಥ ಬಿಲ್ಲು ನಿಮ್ಮ ಪಟ್ಟಿಗೆ ಬರುವುದೇ ಇಲ್ಲ. ಹೀಗೆ ತಾಳೆಯಾಗದವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು 16ರ ಗುರುವಾರ ನಾನೇ ಫೋನ್ ಮಾಡುತ್ತೇನೆ. ಆ ಸಪ್ಲೈಯರ್‌ಗಳಿಗೆ ನಾವೂ ಕೇಳುತ್ತೇವೆ, ಆದರೆ ವ್ಯಾಪಾರ ಮಾಡುವ ನೀವು ಒಂದು ಮಾತು ಹೇಳಿದರೆ ಬೇಗ ಕೆಲಸವಾಗುತ್ತದೆ.

ಶುಕ್ರವಾರ 17ಕ್ಕೆ ಎಷ್ಟು ಕಟ್ಟಬೇಕು ಅನ್ನುವ ಚಲನ್ ನಿಮ್ಮ ಕೈಗೆ ಬರುತ್ತದೆ. ಶನಿವಾರ 18ಕ್ಕೆ GSTR-3B ಹೋಗುತ್ತದೆ. ಅದಕ್ಕೆ ಕೊನೆಯ ದಿನ 22, ಆದರೆ ಅವತ್ತು ಬಲಿಪಾಡ್ಯಮಿ. ಹಬ್ಬದ ದಿನ ಅಂಗಡಿ ಪೂಜೆ ಬಿಟ್ಟು ನೀವು ಒಟಿಪಿ ಓದಬೇಕಿಲ್ಲ, ಸವಿತಾ ಒಬ್ಬಟ್ಟು ಬಿಟ್ಟು ಕಂಪ್ಯೂಟರ್ ಮುಂದೆ ಕೂರಬೇಕಿಲ್ಲ.

ಒಟಿಪಿ ಎಂದ ಮೇಲೆ ಇದೊಂದನ್ನು ಹೇಳಿಬಿಡುತ್ತೇನೆ. 11 ಮತ್ತು 18, ಎರಡೂ ಶನಿವಾರ ಸಂಜೆ ಐದರಿಂದ ಆರರವರೆಗೆ ಫೋನನ್ನು ಹತ್ತಿರ ಇಟ್ಟುಕೊಳ್ಳಿ. ರಿಟರ್ನ್ ಹಾಕುವ ಮೊದಲು ಸವಿತಾ ಕರೆ ಮಾಡಿ, ಮೊತ್ತ ಹೇಳಿ, ನೀವು ಹೂಂ ಎಂದ ಮೇಲೆ ಮಾತ್ರ ಒಟಿಪಿ ಕೇಳುತ್ತಾರೆ. ಬ್ಯಾಂಕಿನ ಒಟಿಪಿಯನ್ನು ನಮ್ಮ ಆಫೀಸಿನಿಂದ ಯಾರೂ ಯಾವತ್ತೂ ಕೇಳುವುದಿಲ್ಲ. ಕೇಳಿದರೆ ಫೋನ್ ಇಟ್ಟು ನನಗೆ ತಿಳಿಸಿ.

ಮೊನ್ನೆ ನೀವು ಕೇಳಿದ್ದಕ್ಕೆ ಗಡಿಬಿಡಿಯಲ್ಲಿ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಶೇ 28 ಕಟ್ಟಿ ತಂದ ಸಿಮೆಂಟನ್ನು ಶೇ 18ರಲ್ಲಿ ಮಾರಿದರೆ ನಡುವಿನ ಹಣ ಮುಳುಗುತ್ತದಾ? ಇಲ್ಲ. ಲೆಕ್ಕಕ್ಕೆ ಸುಲಭವಾಗಲಿ ಎಂದು ಚೀಲದ ಮೂಲಬೆಲೆ 300 ರೂಪಾಯಿ ಇಟ್ಟುಕೊಳ್ಳಿ. ತರುವಾಗ 84 ರೂಪಾಯಿ ತೆರಿಗೆ ಕೊಟ್ಟಿದ್ದೀರಿ. ಅದೇ ಬೆಲೆಗೆ ಮಾರಿದರೂ ಗಿರಾಕಿಯಿಂದ ಬರುವ ತೆರಿಗೆ 54. ಉಳಿದ 30 ರೂಪಾಯಿ ಪೋರ್ಟಲ್ಲಿನ ನಿಮ್ಮ ಕ್ರೆಡಿಟ್ ಲೆಡ್ಜರಿನಲ್ಲೇ ಕೂತಿರುತ್ತದೆ. ಪೇಂಟಿನ ಮೇಲೋ ಪೈಪಿನ ಮೇಲೋ ಕಟ್ಟಬೇಕಾದ ತೆರಿಗೆಗೆ ಅದನ್ನು ಬಳಸಿಕೊಳ್ಳಬಹುದು. ನಗದಾಗಿ ಕೈಗೆ ಬರುವುದಿಲ್ಲ, ಅಷ್ಟೇ. ಹಾಗಾಗಿ ಈ ಸಲ ನೀವು ಕೈಯಿಂದ ಕಟ್ಟುವ ಮೊತ್ತ ಎಂದಿನದಕ್ಕಿಂತ ಕಡಿಮೆ ಬಂದರೆ ಲೆಕ್ಕ ತಪ್ಪಿದೆ ಎಂದು ಗಾಬರಿಯಾಗಬೇಡಿ.

ಇನ್ನು ಯಾರನ್ನು ಕೇಳಬೇಕು ಅನ್ನುವುದು. ಬಿಲ್ಲು, ರಿಟರ್ನ್, ಇ-ವೇ ಬಿಲ್ಲು, ದಿನನಿತ್ಯದ ಯಾವುದೇ ಅನುಮಾನಕ್ಕೆ ಸವಿತಾ. ಒಂಬತ್ತು ವರ್ಷದಿಂದ ನಮ್ಮಲ್ಲಿದ್ದಾರೆ. ಹಾರ್ಡ್‌ವೇರ್ ಅಂಗಡಿಗಳ ಲೆಕ್ಕವೆಲ್ಲ ಅವರೇ ನೋಡುವುದು, ನಿಜ ಹೇಳಬೇಕೆಂದರೆ ನನಗಿಂತ ಬೇಗ ಉತ್ತರ ಕೊಡುತ್ತಾರೆ. ಕಾಗದ ಒಯ್ಯುವುದು, ತರುವುದು ಬಸವರಾಜ್. ನೋಟಿಸ್ ಬಂದರೆ, ಇಲಾಖೆಯವರು ಅಂಗಡಿಗೆ ಬಂದರೆ, ಅಥವಾ ನಮ್ಮವರ ಕೆಲಸ ನಿಮಗೆ ಸರಿಬರದಿದ್ದರೆ ನೇರ ನನಗೇ ಮಾಡಿ, ರಾತ್ರಿ ಒಂಬತ್ತರೊಳಗೆ ಯಾವಾಗ ಬೇಕಾದರೂ. ಮೂವರ ನಂಬರನ್ನೂ ಬೆಳಿಗ್ಗೆ ನಿಮ್ಮ ವಾಟ್ಸಾಪ್‌ಗೆ ಕಳಿಸಿದ್ದೇನೆ, ಸೇವ್ ಮಾಡಿಕೊಳ್ಳಿ. ಆಫೀಸು ಸೋಮವಾರದಿಂದ ಶನಿವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಏಳು. ಬೆಳಿಗ್ಗೆ ಕೇಳಿದ್ದಕ್ಕೆ ಅವತ್ತೇ ಉತ್ತರ ಸಿಗುತ್ತದೆ. 18ರಿಂದ 20ನೇ ತಾರೀಖಿನ ನಡುವೆ ಮಾತ್ರ ಸ್ವಲ್ಪ ತಡವಾಗಬಹುದು, ಆ ಮೂರು ದಿನ ಇಲ್ಲಿ ಜಾತ್ರೆ.

ನಿಮ್ಮ ಕಡೆಯಿಂದ ಯಾರ ಜೊತೆ ಮಾತಾಡಲಿ? ಬಿಲ್ಲು ಎಲ್ಲಿದೆ ಎಂದು ಗೊತ್ತಿರುವುದು ಗಿರಿಜಮ್ಮನವರಿಗೆ, ಟ್ಯಾಲಿ ಗೊತ್ತಿರುವುದು ಚೈತ್ರಾಗೆ ಎಂದು ನನಗನ್ನಿಸಿತು. ನೀವು ಒಪ್ಪಿದರೆ ಸವಿತಾ ಸಣ್ಣಪುಟ್ಟದ್ದಕ್ಕೆ ಅವರಿಬ್ಬರಿಗೇ ಫೋನ್ ಮಾಡುತ್ತಾರೆ. ಹಣದ ವಿಷಯ ಮಾತ್ರ ನಿಮ್ಮ ಜೊತೆಗೇ.

ನಮ್ಮ ಫೀಸು ಮಾತಾಡಿದಂತೆ ತಿಂಗಳಿಗೆ 2,500 ರೂಪಾಯಿ, ನವೆಂಬರ್ 1ರಿಂದ. ಡಬ್ಬದ ಹಳೆಯ ಬಿಲ್ಲು ನೋಡುವುದಕ್ಕೆ ಬೇರೆ ದುಡ್ಡಿಲ್ಲ.

ದೀಪಾವಳಿ ಕಳೆದು ಒಂದು ವಾರ ಬಿಟ್ಟು, ಅಂಗಡಿ ರಜೆ ಇರುವ ದಿನ ಒಂದೂವರೆ ಗಂಟೆ ಕೂರೋಣ. ಕಂಟ್ರಾಕ್ಟರ್‌ಗಳ ಉದ್ರಿ ಲೆಕ್ಕ, ಆದಾಯ ತೆರಿಗೆ, ಗೋಡೌನ್ ವಿಳಾಸ ಸೇರಿಸುವುದು ಎಲ್ಲ ಅವತ್ತಿಗೆ ಇರಲಿ. ನವೆಂಬರ್ 25ಕ್ಕೆ ಒಂದು ತಿಂಗಳ ಪಾವತಿ ಬರುತ್ತದೆ, ಅದನ್ನು ವಾರ ಮೊದಲೇ ನೆನಪಿಸುತ್ತೇವೆ. ಬರೆದಿಟ್ಟುಕೊಳ್ಳುವ ತೊಂದರೆ ಬೇಡ.

ಈ ಮೇಲ್‌ಗೆ ಉದ್ದ ಉತ್ತರವೇನೂ ಬೇಕಿಲ್ಲ. "ಬುಧವಾರ ಹನ್ನೊಂದು ಸರಿ" ಎಂದಷ್ಟೇ ಕಳಿಸಿ. ಆ ಹೊತ್ತಿಗೆ ಲೋಡ್ ಬರುವುದಿದ್ದರೆ ಬೇರೆ ಸಮಯ ಹೇಳಿ.

ವಿಶ್ವಾಸದೊಂದಿಗೆ,
ಶಿವಕುಮಾರ್
ತೆರಿಗೆ ಸಲಹೆಗಾರ, ದಾವಣಗೆರೆ

ಮರೆತಿದ್ದೆ: ಡಬ್ಬದಲ್ಲಿ ಮೇಲೆಯೇ ಇದ್ದ ಎರಡು ಟ್ರಾನ್ಸ್‌ಪೋರ್ಟ್ ಬಿಲ್ಲು ನುಣುಪು ಕಾಗದದವು, ಅಕ್ಷರ ಆಗಲೇ ಅರ್ಧ ಮಾಸಿದೆ. ಅಂಥವು ಇನ್ನೂ ಇದ್ದರೆ ಶನಿವಾರದವರೆಗೆ ಕಾಯದೆ ಇವತ್ತೇ ಮೊಬೈಲಿನಲ್ಲಿ ಫೋಟೊ ತೆಗೆದು ಸವಿತಾಗೆ ಕಳಿಸಲು ಚೈತ್ರಾಗೆ ಹೇಳಿ.