ಕೊಡಗಿನ ಶಾಲೆಗಳಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮ: ಶಿಕ್ಷಕರು ಕಂಡಂತೆ

ಸಾರಾಂಶ

ಮಾನಸಿಕ ತೊಂದರೆಗಳು ಹೆಚ್ಚಾಗಿ ಹದಿಹರೆಯದಲ್ಲೇ ಶುರುವಾಗುತ್ತವೆ. ಆ ವಯಸ್ಸಿನ ಮಕ್ಕಳು ದಿನದ ಬಹುಪಾಲು ಇರುವುದು ಶಾಲೆಯಲ್ಲಿ. ಹಾಗಾಗಿ ಮಡಿಕೇರಿ ಮತ್ತು ಸೋಮವಾರಪೇಟೆ ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರನ್ನು ಮಾತಾಡಿಸಿದೆವು. ಜೀವನ ಕೌಶಲ ತರಗತಿಗಳು ಮಕ್ಕಳ ಬಾಯಿ ಬಿಡಿಸುತ್ತವೆ ಎಂದು ಅವರು ಹೇಳಿದರು. ಆದರೆ ಮಗುವನ್ನು ಮುಂದೆ ಯಾರ ಬಳಿ ಕಳಿಸಬೇಕು ಎಂಬಲ್ಲಿಗೆ ದಾರಿ ನಿಂತುಬಿಡುತ್ತದೆ.

ಉಪಸಂಹಾರ

2018ರ ಆಗಸ್ಟ್‌ನ ಭೂಕುಸಿತದ ನಂತರ, ಜೋರು ಮಳೆ ಬಂದರೆ ಪಾಠದ ಕಡೆ ಗಮನವೇ ಇರದ ಮಕ್ಕಳನ್ನು ಶಿಕ್ಷಕರು ಕಂಡಿದ್ದಾರೆ. ಇದನ್ನು ಸುಮ್ನೆ ಸೋಮಾರಿತನ ಎನ್ನುವುದು ಅನ್ಯಾಯ. ತೋಟದ ಕಾರ್ಮಿಕರ ಲೈನ್‌ಮನೆಗಳಿಂದ ಬರುವ ಮಕ್ಕಳ ಕಷ್ಟ ಇನ್ನೂ ಜಾಸ್ತಿ. ಪೋಷಕರು ಕೆಲಸ ಅರಸಿ ಊರು ಬಿಟ್ಟರೆ ನೆರವೂ ಅರ್ಧಕ್ಕೇ ನಿಲ್ಲುತ್ತದೆ.

ಶಿಕ್ಷಕರಿಗೆ ಒಂದು ದಿನದ ತರಬೇತಿ ಸಾಲದು. ಪ್ರತಿ ಶಾಲೆಗೂ ಜಿಲ್ಲಾ ಮಾನಸಿಕ ಆರೋಗ್ಯ ತಂಡದ ನೇರ ಸಂಪರ್ಕ ಬೇಕು. ಉಚಿತ ಟೆಲಿ ಮನಸ್ ಸಹಾಯವಾಣಿ 14416 ತರಗತಿಯ ಗೋಡೆಯ ಮೇಲೆ ಕಾಣಬೇಕು. ಈ ಅಧ್ಯಯನಕ್ಕೊಂದು ಮಿತಿಯಿದೆ: ನಾವು ಕೇಳಿದ್ದು ಶಿಕ್ಷಕರ ಮಾತು ಮಾತ್ರ. ಮುಂದಿನ ಅಧ್ಯಯನ ಮಕ್ಕಳನ್ನೇ ಕೇಳಬೇಕು, ಪೋಷಕರ ಒಪ್ಪಿಗೆ ಪಡೆದು, ಅವರವರ ಮನೆಮಾತಿನಲ್ಲಿ.