ಪ್ರೆಸ್ ಶಾಪ್‌ನಲ್ಲಿ ಕೆಲಸ ಮಾಡುವವರು ನೆನಪಿಡಬೇಕಾದ ಐದು ನಿಯಮಗಳು

ಕಳೆದ ಶನಿವಾರ ನಮ್ಮ ಪೀಣ್ಯ ಘಟಕದ ಕ್ಯಾಂಟೀನಿನಲ್ಲಿ ನಡೆದ ಕಾನೂನು ಪಾಲನೆಯ ತರಬೇತಿಯಲ್ಲಿ 96 ಸ್ಲೈಡುಗಳನ್ನು ತೋರಿಸಲಾಯಿತು. ಅವುಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿದ್ದವು. ಎರಡನೇ ಶಿಫ್ಟ್ ಮುಗಿಸಿ ಬಂದವರು ನಿದ್ದೆಗಣ್ಣಿನಲ್ಲೇ ಮೂರು ಗಂಟೆ ಕುಳಿತು ಹಾಜರಿ ಸಹಿ ಹಾಕಿ ಹೋದರು. ಸಹಿ ಬಿದ್ದ ಮಾತ್ರಕ್ಕೆ ವಿಷಯ ತಲುಪಿತೆಂದು ಸುರಕ್ಷತಾ ಅಧಿಕಾರಿಯಾಗಿ ನಾನು ಭಾವಿಸುವುದಿಲ್ಲ. ಉಡುಗೊರೆ ಸ್ವೀಕಾರ, ಕಂಪ್ಯೂಟರ್ ಪಾಸ್‌ವರ್ಡ್, ಸರಬರಾಜುದಾರರೊಂದಿಗಿನ ಒಪ್ಪಂದ ಮುಂತಾದವುಗಳ ಕುರಿತ 40ಕ್ಕೂ ಹೆಚ್ಚು ಸ್ಲೈಡುಗಳು ಕಚೇರಿ ಸಿಬ್ಬಂದಿಗೆ ಸಂಬಂಧಿಸಿದವು. ಅವನ್ನು ಬಿಟ್ಟು, ಪ್ರೆಸ್ಸಿನ ಮುಂದೆ ನಿಲ್ಲುವವರಿಗೆ ನಿಜವಾಗಿ ಬೇಕಾದುದನ್ನಷ್ಟೇ ಇಲ್ಲಿ ಬರೆದಿದ್ದೇನೆ. ಕಾಯಂ ಕಾರ್ಮಿಕರು, ಗುತ್ತಿಗೆ ಕಾರ್ಮಿಕರು, ತರಬೇತಿಯಲ್ಲಿರುವವರು ಎಲ್ಲರಿಗೂ ಇವು ಒಂದೇ ರೀತಿ ಅನ್ವಯಿಸುತ್ತವೆ.

ಮೊದಲನೆಯ ನಿಯಮ: ಡೈ ಒಳಗೆ ಕೈ ಹಾಕಬೇಡಿ. ತಗಡನ್ನು ಇಡುವುದಕ್ಕೂ ಸಿಕ್ಕಿಕೊಂಡ ತುಣುಕನ್ನು ತೆಗೆಯುವುದಕ್ಕೂ ಇಕ್ಕಳ ಅಥವಾ ಮ್ಯಾಗ್ನೆಟ್ ಕಡ್ಡಿಯನ್ನೇ ಬಳಸಿ. ಎರಡು ಕೈಗಳಿಂದ ಒತ್ತಬೇಕಾದ ಬಟನ್‌ಗಳಲ್ಲಿ ಒಂದನ್ನು ಟೇಪ್ ಸುತ್ತಿಯೋ ನಾಣ್ಯ ಸಿಕ್ಕಿಸಿಯೋ ಒತ್ತಿಟ್ಟು ಕೆಲಸ ಮಾಡುವ ಅಭ್ಯಾಸ ಇಂದಿಗೇ ನಿಲ್ಲಬೇಕು. ಆ ಎರಡು ಬಟನ್‌ಗಳಿರುವುದೇ ರ‍್ಯಾಮ್ ಇಳಿಯುವಾಗ ನಿಮ್ಮ ಎರಡೂ ಕೈಗಳು ಡೈಯಿಂದ ಹೊರಗಿರಲಿ ಎಂಬ ಕಾರಣಕ್ಕೆ. ಹೊಸ ಪ್ರೆಸ್ಸುಗಳಲ್ಲಿ ಬೆಳಕಿನ ಪರದೆ ಇದೆ. ಕೈ ಅಡ್ಡ ಬಂದರೆ ರ‍್ಯಾಮ್ ನಿಲ್ಲುತ್ತದೆ. ಆದರೆ ಗೋಡೆಯ ಪಕ್ಕದ ಮೂರು ಹಳೆಯ ಪ್ರೆಸ್ಸುಗಳು ಕೀ ಕ್ಲಚ್ಚಿನವು. ಅವುಗಳಲ್ಲಿ ಕ್ಲಚ್ ಒಮ್ಮೆ ಹಿಡಿದರೆ ಸುತ್ತು ಪೂರ್ತಿಯಾಗುವವರೆಗೆ ರ‍್ಯಾಮ್ ನಡುವೆ ನಿಲ್ಲುವುದಿಲ್ಲ, ಕೀ ಸವೆದಿದ್ದರೆ ಪೆಡಲ್ ತುಳಿಯದಿದ್ದರೂ ಇನ್ನೊಮ್ಮೆ ಇಳಿಯಬಹುದು. ಆದ್ದರಿಂದ ಅಲ್ಲಿ ಕೈಯನ್ನು ಕಾಯುವುದು ಮುಂದೆ ಬಿಗಿದಿರುವ ಜಾಲರಿಯ ಗಾರ್ಡ್ ಮಾತ್ರ. ಗಾರ್ಡ್ ಬಿಚ್ಚಿರುವ ಪ್ರೆಸ್ಸನ್ನು ಯಾರು ಹೇಳಿದರೂ ಚಾಲೂ ಮಾಡಬೇಡಿ. ಹೇಳಿದವರು ಸೂಪರ್‌ವೈಸರ್ ಆಗಿದ್ದರೂ ಇದರಲ್ಲಿ ಬದಲಾವಣೆ ಇಲ್ಲ.

ಎರಡನೆಯದು ಡೈ ಬದಲಿಸುವವರಿಗೆ ಮತ್ತು ರಿಪೇರಿ ಮಾಡುವವರಿಗೆ ಸಂಬಂಧಿಸಿದೆ. ಇಡೀ ತರಬೇತಿಯಲ್ಲಿ ಇದಕ್ಕೆ ಸಿಕ್ಕಿದ್ದು ಎರಡೇ ಸ್ಲೈಡುಗಳಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಮೋಟಾರ್ ಆಫ್ ಮಾಡಿದ ಕೂಡಲೇ ಪ್ರೆಸ್ ನಿಂತಿತೆಂದು ತಿಳಿಯಬೇಡಿ. ಫ್ಲೈವೀಲ್ ತನ್ನ ಭಾರದಿಂದಲೇ ಇನ್ನೂ ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ, ಆ ಹೊತ್ತಿನಲ್ಲಿ ಪೆಡಲ್ ಮೇಲೆ ಕಾಲು ಬಿದ್ದರೂ ರ‍್ಯಾಮ್ ಪೂರ್ಣ ಬಲದಿಂದ ಇಳಿಯುತ್ತದೆ. ನಾನು ಹಿಂದೆ ಕೆಲಸ ಮಾಡಿದ್ದ ಇನ್ನೊಂದು ಕಾರ್ಖಾನೆಯಲ್ಲಿ ಹದಿನೈದು ವರ್ಷ ಅನುಭವವಿದ್ದ ಡೈ ಸೆಟ್ಟರ್ ಒಬ್ಬರು ಹೀಗೆಯೇ ಬಲಗೈಯ ಎರಡು ಬೆರಳು ಕಳೆದುಕೊಂಡರು. ಮೋಟಾರ್ ಆಫ್ ಆಗಿತ್ತು, ಚಕ್ರ ಮಾತ್ರ ನಿಂತಿರಲಿಲ್ಲ. ಆದುದರಿಂದ ಚಕ್ರ ನಿಂತಿರುವುದನ್ನು ಕಣ್ಣಾರೆ ನೋಡಿ, ಮೇನ್ ಸ್ವಿಚ್ ಇಳಿಸಿ, ಅದಕ್ಕೆ ನಿಮ್ಮದೇ ಬೀಗ ಹಾಕಿ, ನಿಮ್ಮ ಹೆಸರಿರುವ ಕೆಂಪು ಚೀಟಿ ಕಟ್ಟಿ, ಕೀಲಿಯನ್ನು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ನಂತರ ಸ್ಟಾರ್ಟ್ ಬಟನ್ ಒತ್ತಿ, ಯಂತ್ರ ಚಾಲೂ ಆಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ರ‍್ಯಾಮಿನ ಕೆಳಗೆ ಸೇಫ್ಟಿ ಬ್ಲಾಕ್ ಇಟ್ಟ ಮೇಲೆ ಮಾತ್ರ ಒಳಗೆ ಕೈ ಹೋಗಬೇಕು. ಮೂವರು ಸೇರಿ ಕೆಲಸ ಮಾಡುತ್ತಿದ್ದರೆ ಮೂರು ಬೀಗಗಳಿರಬೇಕು. ಶಿಫ್ಟ್ ಬದಲಾದಾಗ ಹೊರಡುವವರು ತಮ್ಮ ಬೀಗ ತೆಗೆಯುವ ಮೊದಲು ಬಂದವರು ತಮ್ಮದನ್ನು ಹಾಕಬೇಕು. ಇನ್ನೊಬ್ಬರ ಬೀಗವನ್ನು ಯಾವ ಕಾರಣಕ್ಕೂ ಮುಟ್ಟಬಾರದು.

ಮೂರನೆಯದಾಗಿ, ಗಾಯ ಎಷ್ಟೇ ಚಿಕ್ಕದಾದರೂ ಅದೇ ಶಿಫ್ಟಿನಲ್ಲಿ ತಿಳಿಸಿ, ಅಪಘಾತ ಪುಸ್ತಕದಲ್ಲಿ ಬರೆಸಿ. ತಗಡಿನ ಅಂಚು ತಾಗಿದ ಗಾಯಕ್ಕೆ ಬಟ್ಟೆ ಸುತ್ತಿಕೊಂಡು ಕೆಲಸ ಮುಂದುವರಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಇದರಿಂದ ನಷ್ಟ ಅವರಿಗೇ. ಕೆಲಸದಲ್ಲಿ ಆದ ಗಾಯದಿಂದ ದುಡಿಯಲಾಗದೆ ಮನೆಯಲ್ಲಿರಬೇಕಾಗಿ ಬಂದರೆ ಇಎಸ್‌ಐ ವಿಮೆಯಲ್ಲಿರುವವರಿಗೆ ವೇತನದ ಶೇ. 90ರ ದರದಲ್ಲಿ ಪರಿಹಾರ ಸಿಗುತ್ತದೆ. ಆದರೆ ಗಾಯ ಕೆಲಸದಲ್ಲೇ ಆಯಿತೆಂಬುದಕ್ಕೆ ದಾಖಲೆ ಬೇಕು. ಬೆರಳು ತುಂಡಾದಂಥ ಸಂದರ್ಭ ಬಂದರೆ ಮೊದಲು ಗಾಯವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ರಕ್ತ ನಿಲ್ಲಿಸಿ, 108ಕ್ಕೆ ಕರೆ ಮಾಡಿಸಿ. ತುಂಡಾದ ಭಾಗವನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದು, ಆ ಚೀಲವನ್ನು ಐಸ್ ನೀರಿರುವ ಪಾತ್ರೆಯಲ್ಲಿಟ್ಟು ರೋಗಿಯ ಜೊತೆಯಲ್ಲೇ ಕಳುಹಿಸಿ. ಬೆರಳಿಗೆ ನೇರವಾಗಿ ಐಸ್ ತಾಗಿದರೆ ಅದು ಹಾಳಾಗಿ, ಮತ್ತೆ ಜೋಡಿಸುವ ಅವಕಾಶ ಕಡಿಮೆಯಾಗುತ್ತದೆ. ಐಸ್ ಕ್ಯಾಂಟೀನಿನ ಫ್ರಿಜ್‌ನಲ್ಲಿ ಸದಾ ಇರುವಂತೆ ವ್ಯವಸ್ಥೆ ಮಾಡಲಾಗಿದೆ.

ನಾಲ್ಕನೆಯ ನಿಯಮ ಎಣ್ಣೆ, ಥಿನ್ನರ್ ಮತ್ತು ಬೆಂಕಿಯದು. ಬಳಸಿದ ಎಣ್ಣೆಯನ್ನು ಚರಂಡಿಗೆ ಬಿಡಬೇಡಿ, ಎಣ್ಣೆ ಬಟ್ಟೆಯನ್ನು ಮಾಮೂಲಿ ಕಸಕ್ಕೆ ಹಾಕಬೇಡಿ. ಎರಡೂ ಹಿಂಭಾಗದ ಹಳದಿ ಡ್ರಮ್ಮುಗಳಿಗೇ ಹೋಗಬೇಕು. ವಿದ್ಯುತ್ ಪ್ಯಾನೆಲ್ಲಿಗಾಗಲಿ ಎಣ್ಣೆಗಾಗಲಿ ಬೆಂಕಿ ಹತ್ತಿದರೆ ನೀರು ಹಾಕಬಾರದು. ಕಂಪ್ರೆಸರ್ ಗಾಳಿಯಿಂದ ಮೈ ಮೇಲಿನ ದೂಳು ಊದಿಕೊಳ್ಳಬೇಡಿ, ಆ ಒತ್ತಡ ಚರ್ಮದೊಳಕ್ಕೂ ಕಣ್ಣಿಗೂ ಹಾನಿ ಮಾಡುತ್ತದೆ.

ಐದನೆಯದು ಗೌರವ ಮತ್ತು ಸಂಬಳದ ವಿಷಯ. ಪ್ಯಾಕಿಂಗ್ ವಿಭಾಗದ ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ಓದಬೇಕೆಂದು ಕೋರುತ್ತೇನೆ. ಅಸಭ್ಯ ಮಾತು, ಬೇಡವೆಂದರೂ ಮುಟ್ಟುವುದು, ಮೊಬೈಲಿನಲ್ಲಿ ಅಶ್ಲೀಲ ಚಿತ್ರ ತೋರಿಸುವುದು, ಶಿಫ್ಟ್ ಬದಲಿಸಿಕೊಡುವ ನೆಪದಲ್ಲಿ ಪ್ರತಿಫಲ ಕೇಳುವುದು ಇವೆಲ್ಲವೂ 2013ರ ಕಾನೂನಿನ ಪ್ರಕಾರ ಲೈಂಗಿಕ ಕಿರುಕುಳ. ಘಟನೆ ನಡೆದ ಮೂರು ತಿಂಗಳೊಳಗೆ ನಮ್ಮ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬಹುದು; ಬರೆಯಲು ಬಾರದಿದ್ದರೆ ಸಮಿತಿಯವರೇ ಬರೆದುಕೊಳ್ಳಲು ನೆರವಾಗಬೇಕು. ಸಮಿತಿಯ ಅಧ್ಯಕ್ಷರು ಮಹಿಳೆಯೇ ಆಗಿರುತ್ತಾರೆ, ದೂರುದಾರರ ಹೆಸರನ್ನು ಹೊರಗೆ ಹೇಳುವಂತಿಲ್ಲ. ಓವರ್‌ಟೈಮ್ ಕೆಲಸಕ್ಕೆ ಮಾಮೂಲಿ ದರದ ಎರಡು ಪಟ್ಟು ವೇತನ ಪಡೆಯುವುದು ನಿಮ್ಮ ಹಕ್ಕು. ಖಾಲಿ ರಿಜಿಸ್ಟರಿಗೆ ಸಹಿ ಹಾಕಬೇಡಿ, ಗೆಳೆಯನ ಪರವಾಗಿ ಪಂಚ್ ಮಾಡಬೇಡಿ. ಬೆಂಕಿ ಬಿದ್ದು ಜನರನ್ನು ಹೊರಗೆ ಕಳುಹಿಸಿದಾಗ, ಒಳಗೆ ಯಾರು ಉಳಿದಿದ್ದಾರೆಂದು ಎಣಿಸುವುದು ಅದೇ ಪಂಚಿಂಗ್ ಪಟ್ಟಿಯಿಂದ.

ಯಂತ್ರದ ಶಬ್ದ ಬದಲಾದರೂ ಗಾರ್ಡ್ ಸಡಿಲವಾದರೂ ನಿಮಗೇ ಅನುಮಾನ ಬಂದರೂ ಪ್ರೆಸ್ ನಿಲ್ಲಿಸುವ ಅಧಿಕಾರ ನಿಮಗಿದೆ. ಹಾಗೆ ನಿಂತ ಸಮಯವನ್ನು ಟಾರ್ಗೆಟ್‌ನಿಂದ ಕಳೆಯಲಾಗುವುದು, ಸಂಬಳದಿಂದ ಅಲ್ಲ ಎಂದು ಆಡಳಿತ ವರ್ಗ ಲಿಖಿತವಾಗಿ ಒಪ್ಪಿದೆ. ಆ ಪತ್ರದ ಪ್ರತಿ ನೋಟಿಸ್ ಬೋರ್ಡಿನಲ್ಲಿದೆ. ಈ ಹಾಳೆಯ ಹಿಂದಿ ಮತ್ತು ತೆಲುಗು ಪ್ರತಿಗಳು ಟೈಮ್ ಆಫೀಸಿನಲ್ಲಿ ಸಿಗುತ್ತವೆ. ಓದಲು ಕಷ್ಟವಾಗುವವರಿಗಾಗಿ ಸೋಮವಾರದಿಂದ ಒಂದು ವಾರ ಪ್ರತಿ ಶಿಫ್ಟಿನ ಆರಂಭದಲ್ಲಿ ಹತ್ತು ನಿಮಿಷ, ಯಂತ್ರಗಳ ಪಕ್ಕದಲ್ಲೇ ನಿಂತು, ನಾನೇ ಇದನ್ನು ಓದಿ ತೋರಿಸುತ್ತೇನೆ.